ಹೆರಿಗೆ ಆದ ಕೂಡಲೇ ಕಾಪರ್ ಟಿ ಹಾಕಿಸುವ ಬಗ್ಗೆ

"ಚಿಕ್ಕಮ್ಮ, ಮುಂದಿನ ತಿಂಗಳು ಡೇಟ್ ಇದೆ. ಹೆರಿಗೆ ಆದ ತಕ್ಷಣ ಕಾಪರ್ ಟಿ ಹಾಕ್ತೀವಿ, ಒಪ್ಪಿಗೆ ಇದ್ಯಾ ಅಂತ ಸಿಸ್ಟರ್ ಕೇಳಿದ್ರು. ಅತ್ತೆ ಜಾರಿ ಬೀಳುತ್ತೆ, ಹಾಲೂ ಬತ್ತುತ್ತೆ ಅಂತಾರೆ. ಏನ್ ಮಾಡ್ಲಿ?"

ನೋಡಮ್ಮಾ, ಅತ್ತೆ ಹೇಳಿದ್ದರಲ್ಲಿ ಒಂದು ಮಾತು ಅರ್ಧ ನಿಜ, ಇನ್ನೊಂದು ಸುಳ್ಳು. ಹೆರಿಗೆ ವಾರ್ಡಿನಲ್ಲೇ ನನ್ನ ಕೆಲಸ ಕಳೆದದ್ದು ಅಲ್ವಾ, ಅದಕ್ಕೇ ಸ್ವಲ್ಪ ಉದ್ದ ಹೇಳ್ತೀನಿ.

ಮೊದಲು ಹಾಲಿನ ಮಾತು ಮುಗಿಸಿಬಿಡೋಣ. ಸರ್ಕಾರಿ ಆಸ್ಪತ್ರೆಯಲ್ಲಿ ಬಿಟ್ಟಿ ಹಾಕುವುದು ತಾಮ್ರದ್ದು. ಅದರಲ್ಲಿ ಹಾರ್ಮೋನೇ ಇಲ್ಲ, ಹಾಲಿಗೂ ಅದಕ್ಕೂ ಸಂಬಂಧ ಇಲ್ಲ. ಮಗು ಹಾಲು ಕುಡಿಯುವಾಗ ಕೆಳಹೊಟ್ಟೆ ಹಿಂಡಿದ ಹಾಗೆ ನೋಯುತ್ತದೆ. ಅದು ಎಲ್ಲ ಬಾಣಂತಿಯರಿಗೂ ಆಗುವುದೇ, ಗರ್ಭಕೋಶ ಕುಗ್ಗುವ ನೋವು. ಸುಮ್ನೆ ತಪ್ಪನ್ನು ಕಾಪರ್ ಟಿ ಮೇಲೆ ಹಾಕಬೇಡ.

ಇನ್ನು ಜಾರುವ ಮಾತು. ಮಾಸು ಬಿದ್ದ ಹತ್ತು ನಿಮಿಷದೊಳಗೆ ಹಾಕುವುದು ಎಲ್ಲಕ್ಕಿಂತ ಒಳ್ಳೆಯದು. ಆಗ ತಪ್ಪಿದರೆ 48 ಗಂಟೆಯೊಳಗೆ ಹಾಕಬಹುದು, ಆದರೆ ಜಾರುವುದು ಜಾಸ್ತಿ. ಎರಡು ದಿನ ದಾಟಿತೋ, ನಮ್ಮಲ್ಲಿ ಆರು ವಾರದ ತನಕ ಹಾಕುವುದಿಲ್ಲ. ಸಿಜೇರಿಯನ್ ಆದರೆ ಗರ್ಭಕೋಶ ಹೊಲಿಯುವ ಮೊದಲು ಡಾಕ್ಟರ್ ಕೈಯಿಂದಲೇ ಮೇಲೆ ಇಟ್ಟುಬಿಡುತ್ತಾರೆ. ಅಲ್ಲಿ ಜಾರುವುದು ಕಮ್ಮಿ. ನಾರ್ಮಲ್ ಹೆರಿಗೆಯಲ್ಲಿ ಸುಮಾರು ನೂರಕ್ಕೆ ಹತ್ತು ಜನರಿಗೆ ಜಾರಬಹುದು, ಹಾಕುವವರ ಕೈ ಪಳಗಿದ್ದರೆ ಇನ್ನೂ ಕಮ್ಮಿ.

ಎಲ್ಲ ಇರುವುದು ಆ ಕೈಯಲ್ಲೇ. ಹೆರಿಗೆಯಾದ ಕೂಡಲೇ ಗರ್ಭಕೋಶ ಹೊಕ್ಕುಳಿನ ಮಟ್ಟಕ್ಕೆ ಇರುತ್ತದೆ, ಮೆತ್ತಗೆ. ಕಾಪರ್ ಟಿ ಹಾಕುವ ಮಾಮೂಲಿ ನಳಿಗೆ ಅಷ್ಟು ಮೇಲಕ್ಕೆ ಮುಟ್ಟಲ್ಲ. ಉದ್ದನೆಯ, ತುದಿ ಬಾಗಿದ ಇಕ್ಕಳದಲ್ಲಿ ಕಾಪರ್ ಟಿ ಹಿಡಿದು, ಇನ್ನೊಂದು ಕೈಯನ್ನು ಹೊಟ್ಟೆ ಮೇಲೆ ಇಟ್ಟು, ಇಕ್ಕಳದ ತುದಿ ಗರ್ಭಕೋಶದ ನೆತ್ತಿಗೆ ತಾಗಿದ್ದು ಆ ಕೈಗೆ ಗೊತ್ತಾಗುವ ತನಕ ಮೇಲೆ ಒಯ್ಯಬೇಕು. ಬಿಟ್ಟ ಮೇಲೆ ಇಕ್ಕಳವನ್ನು ಗೋಡೆಗೆ ಒತ್ತಿಕೊಂಡೇ ನಿಧಾನವಾಗಿ ಹೊರಗೆ ತರಬೇಕು, ಇಲ್ಲದಿದ್ದರೆ ಕಾಪರ್ ಟಿಗೆ ಕಟ್ಟಿದ ದಾರದ ಜೊತೆ ಅದೂ ಕೆಳಗಿಳಿಯುತ್ತದೆ. ಅರ್ಧ ದಾರಿಯಲ್ಲಿ ಬಿಟ್ಟದ್ದೇ ಆಮೇಲೆ ಬೀಳುವುದು. ನೀನು ಇಂಡಿಯನ್ ಟಾಯ್ಲೆಟ್ಟಿನಲ್ಲಿ ಕೂತದ್ದಕ್ಕೋ ಮಗು ಎತ್ತಿದ್ದಕ್ಕೋ ಬೀಳುವುದಿಲ್ಲ.

ಜಾರುವುದೇ ದೊಡ್ಡ ಅಪಾಯವಲ್ಲ. ಜಾರಿದ್ದು ಗೊತ್ತಾಗದೆ ಮತ್ತೆ ಬಸಿರಾಗುವುದೇ ತೊಂದರೆ. ಮುಟ್ಟು ಮತ್ತೆ ಶುರುವಾಗುವ ಮೊದಲೇ ಬಸಿರಾಗಬಹುದು, ನೆನಪಿರಲಿ. ಮೊದಲ ಮೂರು ತಿಂಗಳಲ್ಲೇ ಜಾರುವುದು ಹೆಚ್ಚು. ರಕ್ತ ಹೋಗುತ್ತಿರುವಾಗ ಗೊತ್ತಾಗದೆ ಬೀಳಬಹುದು, ಪ್ಯಾಡ್ ಎಸೆಯುವ ಮುಂಚೆ ಒಂದು ಸಲ ಕಣ್ಣು ಹಾಯಿಸು.

ನಮ್ಮಲ್ಲಿ ಹೆರಿಗೆಯಾದ ಒಬ್ಬಳು ಐದನೇ ವಾರ ಗಾಬರಿಯಾಗಿ ಬಂದಳು, ದಾರ ಕೈಗೆ ಸಿಗುತ್ತಿದೆ ಅಂತ. ದಾರ ಸಿಗುವುದು ಸಹಜ. ಮೊದಲು ಅದು ಒಳಗೇ ಇರುತ್ತದೆ, ಗರ್ಭಕೋಶ ಕುಗ್ಗಿದ ಹಾಗೆ ಕೆಳಗೆ ಬರುತ್ತದೆ, ಉದ್ದ ಆದರೆ ಕತ್ತರಿಸುತ್ತಾರೆ. ಆದರೆ ಇವಳಿಗೆ ದಾರದ ಜೊತೆ ಗಟ್ಟಿ ಪ್ಲಾಸ್ಟಿಕ್ ತುದಿಯೂ ಸಿಗುತ್ತಿತ್ತು, ಹೊಟ್ಟೆಯೂ ಹಿಂಡುತ್ತಿತ್ತು. ನೋಡಿದರೆ ಕಾಪರ್ ಟಿಯ ಕಡ್ಡಿ ಗರ್ಭಕೋಶದ ಬಾಯಿಗೆ ಬಂದು ಕೂತಿತ್ತು. ಹಾಗೆ ಅರ್ಧ ಜಾರಿದ್ದನ್ನು ಮೇಲೆ ತಳ್ಳುವುದಿಲ್ಲ, ತೆಗೆಯುತ್ತಾರೆ. ಬಸಿರಿಲ್ಲ ಅಂತ ಖಚಿತ ಮಾಡಿಕೊಂಡು, ಆರು ವಾರ ದಾಟಿದ ಮೇಲೆ ಹೊಸದು ಹಾಕಿದರು. ಅಲ್ಲಿಯ ತನಕ ಕಾಂಡೋಮ್.

ನಿನಗೂ ಆರು ವಾರಕ್ಕೆ ತಪಾಸಣೆ ಇರುತ್ತದೆ, ತಪ್ಪಿಸಬೇಡ. ದಾರ ಕಾಣದಿದ್ದರೆ ಬಿದ್ದೇ ಹೋಯ್ತು ಅಂದುಕೊಳ್ಳಬೇಡ, ಸಿಜೇರಿಯನ್ ಆದವರಿಗಂತೂ ದಾರ ಬರುವುದು ತಡ, ಕೆಲವರಿಗೆ ಬರುವುದೇ ಇಲ್ಲ. ಸ್ಕ್ಯಾನ್ ಮಾಡಿದರೆ ಇದ್ಯೋ ಇಲ್ವೋ ಗೊತ್ತಾಗುತ್ತದೆ. ಜ್ವರ, ವಾಸನೆಯ ಬಿಳಿಸೆರಗು, ಬಿಡದ ಹೊಟ್ಟೆನೋವು ಬಂದರೆ ಆರು ವಾರ ಕಾಯಬೇಡ, ಅವತ್ತೇ ಹೋಗು.

ಈಗ ಒಪ್ಪಿದರೂ ಹೆರಿಗೆ ದಿನ ಡಾಕ್ಟರ್ ಬೇಡ ಅನ್ನಬಹುದು. ನೀರು ಒಡೆದು 18 ಗಂಟೆ ದಾಟಿದ್ದರೆ, ಜ್ವರ ಇದ್ದರೆ, ರಕ್ತ ನಿಲ್ಲದಿದ್ದರೆ ಹಾಕುವುದಿಲ್ಲ. ಹಠ ಮಾಡಬೇಡ, ಆರು ವಾರದ ಮೇಲೆ ಹಾಕಿಸಿಕೋ. ನೋವು ಶುರುವಾದ ಮೇಲೆ ಕೇಳುವ ಒಪ್ಪಿಗೆ ಒಪ್ಪಿಗೆಯೇ ಅಲ್ಲ ಅಂತ ನನ್ನ ಅಭಿಪ್ರಾಯ. ಅದಕ್ಕೇ ಈಗಲೇ ಯೋಚನೆ ಮಾಡಿ, ನಿನ್ನ ಮಾತು ತಾಯಿ ಕಾರ್ಡಿನಲ್ಲಿ ಬರೆಸು. ಬೇಡ ಅನ್ನಿಸಿದರೆ ಅದನ್ನೂ ಬರೆಸು. ಹಾಕಿದರೆ ಯಾವುದು ಅಂತ ಡಿಸ್ಚಾರ್ಜ್ ಚೀಟಿಯಲ್ಲಿ ಇರಬೇಕು: 380ಎ ಆದರೆ ಹತ್ತು ವರ್ಷ ಕೆಲಸ ಮಾಡುತ್ತದೆ, 375 ಆದರೆ ಐದು ವರ್ಷ.