ಅಪ್‌ಡೇಟ್: ಬೆಂಗಳೂರಿನ ಇಂಟರ್‌ವ್ಯೂಗೆ ಬರಲ್ಲ ಅಂತ ಹೇಳಿದೆ

ನಾನು ಕೇಳಿದ್ದು: "ದಾವಣಗೆರೆ ಬ್ರಾಂಚ್‌ಗೆ ಅಂತ ಅರ್ಜಿ ಹಾಕಿದ್ದೆ. ಈಗ ಕೆಲಸ ಬೆಂಗಳೂರಲ್ಲಿ, ಸಂಬಳ 28,000 ಅಂತಿದ್ದಾರೆ. ಬೇಜಾರಾಗದ ಹಾಗೆ ಬೇಡ ಅನ್ನೋದು ಹೇಗೆ?"

ಮೊದಲು ಲೆಕ್ಕ ಹಾಕಿದೆ. ಇಲ್ಲಿ ನನಗೆ 22,000 ಬರುತ್ತದೆ, ಮನೆ ಸ್ವಂತದ್ದು. ಅಲ್ಲಿ ಪಿಜಿಗೇ 9,000. ಕೈಗೆ ಉಳಿಯೋದು ಇಲ್ಲಿಗಿಂತ ಕಮ್ಮಿ. ಅಮ್ಮನನ್ನು ಬಿಟ್ಟು ಹೋಗೋದು ಬೇರೆ.

ಇಂಟರ್‌ವ್ಯೂ ಶುಕ್ರವಾರ ಇತ್ತು. ಮಂಗಳವಾರವೇ ಎಚ್‌ಆರ್ ಮೇಡಂಗೆ ಫೋನ್ ಮಾಡಿದೆ, ಎತ್ತಲಿಲ್ಲ. ಅವರು ಕಳಿಸಿದ್ದ ಮೇಲ್‌ಗೇ ರಿಪ್ಲೈ ಹಾಕಿದೆ, ಹೊಸ ಮೇಲ್ ಅಲ್ಲ. ಹಾಗಾದರೆ ಯಾವ ಹುದ್ದೆ, ಯಾವ ದಿನ ಅಂತ ಅವರು ಹುಡುಕಬೇಕಿಲ್ಲ. ಬರೆದದ್ದು ಇಷ್ಟು:

"ನಮಸ್ಕಾರ ಮೇಡಂ. ಶುಕ್ರವಾರದ ಇಂಟರ್‌ವ್ಯೂಗೆ ಕರೆದಿದ್ದಕ್ಕೆ ಧನ್ಯವಾದ. ಕೆಲಸ ಬೆಂಗಳೂರಲ್ಲಿ ಅಂತ ಈಗ ಗೊತ್ತಾಯಿತು. ಈ ಸಂಬಳಕ್ಕೆ ಊರು ಬಿಟ್ಟು ಬರಲು ನನಗೆ ಆಗುವುದಿಲ್ಲ. ಆ ಸಮಯ ಬೇರೆಯವರಿಗೆ ಕೊಡಿ. ದಾವಣಗೆರೆ ಅಥವಾ ಚಿತ್ರದುರ್ಗದಲ್ಲಿ ಹುದ್ದೆ ಬಂದರೆ ದಯವಿಟ್ಟು ತಿಳಿಸಿ."

ಮೊದಲು "ಆರೋಗ್ಯ ಸರಿಯಿಲ್ಲ" ಅಂತ ಬರೆದು ಅಳಿಸಿದ್ದೆ. ಹಾಗೆ ಕಳಿಸಿದ್ದರೆ ಇನ್ನೊಂದು ದಿನ ಕೊಡುತ್ತಿದ್ದರು, ಅಲ್ವಾ?

ಸಂಜೆ ಮೇಡಂ ಅವರೇ ಫೋನ್ ಮಾಡಿದರು. ಸಂಬಳ ಜಾಸ್ತಿ ಮಾಡೋಕೆ ಆಗಲ್ಲ, ಆದರೆ ಮೊದಲೇ ಹೇಳಿದ್ದು ಒಳ್ಳೇದಾಯ್ತು ಅಂದರು. ನನ್ನ ರೆಸ್ಯೂಮೆ ಇಟ್ಟುಕೊಂಡಿದ್ದಾರಂತೆ.