ಅಪ್‌ಡೇಟ್: ಅಂಡರ್‌ವೋಲ್ಟ್ ಮಾಡಿದ ಮೇಲೆ ಗೇಮ್ ಕ್ರ್ಯಾಶ್, ಕಾರಣ ಸಿಕ್ಕಿತು

ನಾನು ಕೇಳಿದ್ದು: "ಆರ್‌ಟಿಎಕ್ಸ್ 3070 ಗ್ರಾಫಿಕ್ಸ್ ಕಾರ್ಡಿನ ವೋಲ್ಟೇಜ್ ಇಳಿಸಿ, 875 ಮಿಲಿವೋಲ್ಟ್‌ನಲ್ಲಿ 1905 ಮೆಗಾಹರ್ಟ್ಸ್‌ಗೆ ಇಟ್ಟಿದ್ದೇನೆ. ಅರ್ಧ ಗಂಟೆಯ ಸ್ಟ್ರೆಸ್ ಟೆಸ್ಟ್ ಪಾಸ್ ಆಗುತ್ತೆ. ಎರಡು ಗಂಟೆ ಗೇಮ್ ಆಡಿದರೆ ಕ್ರ್ಯಾಶ್. ಯಾಕೆ?"

ನೀವು ಹೇಳಿದಂತೆ ಆಫ್ಟರ್‌ಬರ್ನರ್‌ನಲ್ಲಿ ಲಾಗ್ ಹಾಕಿಟ್ಟು ಆಡಿದೆ. ಮೂರು ಸಲವೂ ಲೋಡಿಂಗ್ ಸ್ಕ್ರೀನ್ ಮುಗಿದ ಕೂಡಲೇ ಗೇಮ್ ಬಿತ್ತು. ಆ ಹೊತ್ತಿಗೆ ಕಾರ್ಡ್ 71 ಡಿಗ್ರಿಯಿಂದ 58ಕ್ಕೆ ತಣ್ಣಗಾಗಿತ್ತು. ಕ್ಲಾಕ್ ತಾನಾಗಿಯೇ 15 ಮೆಗಾಹರ್ಟ್ಸ್ ಏರಿ 1920 ಆಗಿತ್ತು, ವೋಲ್ಟೇಜ್ ಮಾತ್ರ ಅದೇ 875. ಯಾವ ವೋಲ್ಟೇಜ್‌ಗೆ ಎಷ್ಟು ಕ್ಲಾಕ್ ಅನ್ನುವ ಕರ್ವ್ ನಾನು ಹೊಂದಿಸಿದ್ದು ಕಾರ್ಡ್ ಬಿಸಿ ಇದ್ದಾಗ. ಸ್ಟ್ರೆಸ್ ಟೆಸ್ಟ್‌ನಲ್ಲಿ ಕಾರ್ಡ್ ಒಂದೇ ಸಮ ಬಿಸಿಯಾಗಿರುತ್ತೆ, ಹಾಗಾಗಿ ಕ್ಲಾಕ್ ಆ 15ರ ಮೆಟ್ಟಿಲು ಹತ್ತುವುದೇ ಇಲ್ಲ. ಪಾಸ್ ಆಗದೆ ಇನ್ನೇನು, ಅಲ್ವಾ?

ಮೊದಲು, ಕಾರ್ಡಿನ ಮೆಮೊರಿ ಕ್ಲಾಕ್‌ಗೆ ಹಾಕಿದ್ದ +500 ತೆಗೆದು ಸೊನ್ನೆ ಮಾಡಿದೆ. ಮೆಮೊರಿ, ಕರ್ವ್ ಎರಡನ್ನೂ ಒಟ್ಟಿಗೆ ಬದಲಿಸಿಟ್ಟರೆ, ಕ್ರ್ಯಾಶ್ ಆದಾಗ ತಪ್ಪು ಯಾವುದರದ್ದು ಅಂತ ಗೊತ್ತಾಗಲ್ಲ. ಕಾರ್ಡ್ ತಣ್ಣಗಿದ್ದಾಗಲೇ `Ctrl+F` ಒತ್ತಿ ಕರ್ವ್ ತೆರೆದು, 1905ರ ಚುಕ್ಕೆಯನ್ನು 900 ಮಿಲಿವೋಲ್ಟ್‌ಗೆ ತಂದೆ. ಅದರ ಬಲಕ್ಕಿರುವುದನ್ನೆಲ್ಲ ಸಮತಟ್ಟು ಮಾಡಿದೆ.

ಈಗ ಟೆಸ್ಟ್ ಮಾಡುವ ರೀತಿಯೂ ಬೇರೆ. ಇಪ್ಪತ್ತು ನಿಮಿಷ ಲೋಡ್, ಐದು ನಿಮಿಷ ಮೆನುವಿನಲ್ಲಿ ಸುಮ್ನೆ ಬಿಡುವುದು, ಮತ್ತೆ ಲೋಡ್. ಆಮೇಲೆ ರೇ ಟ್ರೇಸಿಂಗ್ ಇರುವ ಗೇಮ್. ನಾಲ್ಕು ಸಂಜೆ, ಮೂರು ಮೂರು ಗಂಟೆ ಆಡಿದೆ, ಒಮ್ಮೆಯೂ ಬಿದ್ದಿಲ್ಲ. ಮೊದಲು 220 ವ್ಯಾಟ್ ಎಳೆಯುತ್ತಿದ್ದದ್ದು ಈಗ 175ರ ಆಸುಪಾಸು. ಇನ್ನು ಮೆಮೊರಿಯನ್ನು ನೂರು ನೂರರಂತೆ ಏರಿಸಿ ನೋಡುತ್ತೇನೆ.