ಸಿಟಿಸಿ ನಲವತ್ತು ಸಾವಿರ, ಮೊದಲ ತಿಂಗಳು ಕೈಗೆ ಬಂದದ್ದು ಇಪ್ಪತ್ತು ಸಾವಿರ: ಸಂಬಳದ ಚೀಟಿಯನ್ನು ಓದುವುದು ಹೇಗೆ?

ಪ್ರಶ್ನೆ

ನಮಸ್ಕಾರ. ಇದು ನನ್ನ ಮೊದಲ ಕೆಲಸ. ವರ್ಷಕ್ಕೆ 4,80,000 ರೂಪಾಯಿ ಸಿಟಿಸಿ ಎಂದು ನೇಮಕಾತಿ ಪತ್ರದಲ್ಲಿದೆ. ಪತ್ರಕ್ಕೆ ಲಗತ್ತಿಸಿದ ಹಾಳೆಯಲ್ಲಿ ತಿಂಗಳಿಗೆ ಬೇಸಿಕ್ 20,000, ಎಚ್‌ಆರ್‌ಎ 8,000, ಸ್ಪೆಷಲ್ ಅಲೋಯನ್ಸ್ 8,000, ಕಂಪನಿಯ ಪಿಎಫ್ 2,400, ಗ್ರಾಚ್ಯುಟಿ 962, ವಿಮೆ 638 ಎಂದು ಬರೆದಿದ್ದಾರೆ. ನಾನು ಜೂನ್ 13ರಂದು ಸೇರಿದೆ. ಹದಿನೆಂಟು ದಿನಕ್ಕೆ 24,000 ಬರಬೇಕಿತ್ತಲ್ಲವೇ? ಖಾತೆಗೆ ಬಂದಿರುವುದು 20,160. ಚೀಟಿಯಲ್ಲಿ ಗ್ರಾಸ್ 21,600, ಪಿಎಫ್ ಕಡಿತ 1,440 ಎಂದಷ್ಟೇ ಇದೆ. ಉಳಿದ ಹಣ ಎಲ್ಲಿ ಹೋಯಿತು? ಕಂಪನಿ ಕಟ್ಟುವ ಪಿಎಫ್ ಚೀಟಿಯಲ್ಲಿ ಏಕೆ ಕಾಣುತ್ತಿಲ್ಲ?

ಉತ್ತರ (ಖಾಸಗಿ ಕಂಪನಿಯೊಂದರ ವೇತನ ವಿಭಾಗದ ಲೆಕ್ಕಿಗರು)

ಹಾಳೆಯ ಅಂಕಿಗಳನ್ನೂ ಬರೆದದ್ದು ಒಳ್ಳೆಯದಾಯಿತು ಮೇಡಂ. ನೀವು ಹೇಳುವ 24,000ಕ್ಕೂ ಖಾತೆಗೆ ಬಂದ 20,160ಕ್ಕೂ ನಡುವೆ 3,840 ರೂಪಾಯಿ ವ್ಯತ್ಯಾಸವಿದೆ, ಮತ್ತು ಅದರಲ್ಲಿ ಪ್ರತಿ ರೂಪಾಯಿಗೂ ಲೆಕ್ಕ ಸಿಗುತ್ತದೆ.

ಸಿಟಿಸಿ ಎಂದರೆ ನಿಮ್ಮನ್ನು ಕೆಲಸದಲ್ಲಿ ಇಟ್ಟುಕೊಳ್ಳಲು ಕಂಪನಿಗೆ ತಗಲುವ ಒಟ್ಟು ಖರ್ಚು. ನಿಮ್ಮ ಹಾಳೆಯಲ್ಲಿರುವ ಆರು ಸಾಲುಗಳಲ್ಲಿ ಮೊದಲ ಮೂರು ಮಾತ್ರ ಸಂಬಳ. ಅವುಗಳ ಮೊತ್ತ 36,000, ಅದೇ ನಿಮ್ಮ ಪೂರ್ಣ ತಿಂಗಳ ಗ್ರಾಸ್. ಉಳಿದ 4,000 ರೂಪಾಯಿಯನ್ನು ಕಂಪನಿ ನಿಮ್ಮ ಹೆಸರಿನಲ್ಲಿ ಬೇರೆಡೆ ಕಟ್ಟುತ್ತದೆ ಅಥವಾ ತೆಗೆದಿರಿಸುತ್ತದೆ. ಆ ಹಣ ಒಮ್ಮೆಯೂ ನಿಮ್ಮ ಸಂಬಳವಾಗಿ ಬರುವುದಿಲ್ಲವಾದ್ದರಿಂದ ಹಲವು ಕಂಪನಿಗಳ ಚೀಟಿಗಳಲ್ಲಿ ಅದು ಗಳಿಕೆಯ ಕಡೆಯಲ್ಲೂ ಇರುವುದಿಲ್ಲ, ಕಡಿತದ ಕಡೆಯಲ್ಲೂ ಇರುವುದಿಲ್ಲ.

ಜೂನ್ ತಿಂಗಳ ಮೂವತ್ತು ದಿನಗಳಲ್ಲಿ ನಿಮಗೆ ಹದಿನೆಂಟು ದಿನಗಳ ಸಂಬಳ ಸಲ್ಲುತ್ತದೆ, ಅಂದರೆ ನೂರಕ್ಕೆ ಅರವತ್ತು ಭಾಗ. ಬೇಸಿಕ್ 12,000, ಎಚ್‌ಆರ್‌ಎ 4,800, ಸ್ಪೆಷಲ್ ಅಲೋಯನ್ಸ್ 4,800 ಸೇರಿ 21,600 ಆಗುತ್ತದೆ. ಪಿಎಫ್ ಎಂದರೆ ಭವಿಷ್ಯ ನಿಧಿ, ಅದರ ಲೆಕ್ಕ ಗ್ರಾಸ್ ಮೇಲೆ ಅಲ್ಲ, ನಿಮ್ಮ ಚೀಟಿಯಲ್ಲಿ ಬೇಸಿಕ್ ಮೇಲೆ ನಡೆದಿದೆ. 12,000ಕ್ಕೆ ಶೇಕಡಾ 12ರಂತೆ 1,440. ಅದನ್ನು ಕಳೆದರೆ ಉಳಿಯುವುದು 20,160. ಇನ್ನು ನಿಮ್ಮ 3,840ಕ್ಕೆ ಬರೋಣ: ನಿಮ್ಮ ಪಾಲಿನ ಪಿಎಫ್ 1,440, ಕಂಪನಿಯ ಪಾಲಿನದು ಇನ್ನೊಂದು 1,440, ಗ್ರಾಚ್ಯುಟಿ ಮತ್ತು ವಿಮೆಯ 1,600ರಲ್ಲಿ ಹದಿನೆಂಟು ದಿನದ ಪಾಲು 960. ಇವುಗಳಲ್ಲಿ ಎರಡೂ ಪಿಎಫ್ ಮೊತ್ತಗಳು, ಒಟ್ಟು 2,880 ರೂಪಾಯಿ, ನಿಮ್ಮದೇ ಖಾತೆಗೆ ಜಮೆಯಾಗಬೇಕು.

ಈ ತಿಂಗಳು ವೃತ್ತಿ ತೆರಿಗೆ ಕಡಿತವಾಗದಿರುವುದನ್ನೂ ಗಮನಿಸಿ. ಕರ್ನಾಟಕದಲ್ಲಿ ತಿಂಗಳ ಸಂಬಳ 25,000 ಅಥವಾ ಅದಕ್ಕಿಂತ ಹೆಚ್ಚಿದ್ದರೆ 200 ರೂಪಾಯಿ ಹಿಡಿಯುತ್ತಾರೆ. ಜೂನ್‌ನಲ್ಲಿ ನಿಮ್ಮ ಸಂಬಳ ಅಲ್ಲಿಗೆ ಮುಟ್ಟಲಿಲ್ಲ. ಜುಲೈನಿಂದ ಪಿಎಫ್ 2,400, ವೃತ್ತಿ ತೆರಿಗೆ 200 ಹೋಗಿ ಕೈಗೆ 33,400 ಬರಬೇಕು. ಫೆಬ್ರುವರಿಯಲ್ಲಿ ಮಾತ್ರ ವೃತ್ತಿ ತೆರಿಗೆ 300 ಇರುವುದರಿಂದ ಆ ತಿಂಗಳು ನೂರು ರೂಪಾಯಿ ಕಡಿಮೆಯಾಗುತ್ತದೆ. ಮನೆ ಬಾಡಿಗೆಯನ್ನೋ ಸಾಲದ ಕಂತನ್ನೋ ನಿರ್ಧರಿಸುವಾಗ ನಲವತ್ತು ಸಾವಿರವನ್ನು ಬಿಟ್ಟು ಈ 33,400ನ್ನೇ ನಿಮ್ಮ ಆದಾಯವೆಂದು ಇಟ್ಟುಕೊಳ್ಳಿ ಎಂದು ಒತ್ತಿ ಹೇಳುತ್ತೇನೆ.

ಒಬ್ಬ ಸದಸ್ಯರು

ಲೆಕ್ಕಿಗರು ಕಂಪನಿಯ ಪರವಾಗಿ ಮಾತನಾಡಿದಂತೆ ಕಾಣುತ್ತದೆ. ಕಂಪನಿ ತನ್ನ ಪಾಲಿನ ಪಿಎಫ್ ಅನ್ನು ನೌಕರರ ಸಂಬಳದಿಂದ ಹಿಡಿಯುವುದು ಕಾನೂನಿಗೆ ವಿರುದ್ಧ. ನಲವತ್ತು ಸಾವಿರ ಎಂದು ಹೇಳಿ ಅದರಿಂದಲೇ ತನ್ನ ಪಾಲನ್ನು ತೆಗೆದುಕೊಂಡಿದ್ದಾರೆ. ಪಿಎಫ್ ಕಚೇರಿಗೆ ದೂರು ಕೊಡಿ.

ಲೆಕ್ಕಿಗರು

ಸರ್, ನೀವು ಹೇಳಿದ ನಿಯಮ ಇರುವುದು ನಿಜ. ಮಾಲೀಕರ ಪಾಲನ್ನು ಸದಸ್ಯರ ವೇತನದಿಂದ ಕಳೆಯಬಾರದೆಂದು 1952ರ ಭವಿಷ್ಯ ನಿಧಿ ಯೋಜನೆ ಸ್ಪಷ್ಟವಾಗಿ ಹೇಳುತ್ತದೆ. ಆದರೆ ಇವರ ಪತ್ರದಲ್ಲಿ ವೇತನ ಎಂದು ಒಪ್ಪಿಕೊಂಡಿರುವುದು 36,000, ಆ ಮೊತ್ತದಿಂದ ಕಂಪನಿಯ ಪಾಲು ಕಡಿತವಾಗಿಲ್ಲ. ಕೆಲಸಕ್ಕೆ ಕರೆಯುವಾಗ ದೊಡ್ಡ ಅಂಕಿಯನ್ನು ಮುಂದಿಟ್ಟು ವಿವರವನ್ನು ಲಗತ್ತಿಗೆ ಸೇರಿಸುವ ಪದ್ಧತಿ ನನಗೂ ಸರಿಕಾಣುವುದಿಲ್ಲ, ಹೊಸಬರು ಪ್ರತಿ ಸಲವೂ ಅಲ್ಲಿಯೇ ಎಡವುತ್ತಾರೆ. ಆದರೂ ಅದು ಈ ನಿಯಮದ ಉಲ್ಲಂಘನೆಯಲ್ಲ. ಕಡಿತದ ಕಡೆಯಲ್ಲಿ ಪಿಎಫ್ ಎರಡು ಸಲ ಬಂದು, ಗಳಿಕೆಯ ಕಡೆಯಲ್ಲಿ ಬರೀ 36,000 ಇದ್ದರೆ, ಅಂದರೆ ಎರಡೂ ಪಾಲು ಅದರಿಂದಲೇ ಹೋಗುತ್ತಿದ್ದರೆ, ಆಗ ನಿಮ್ಮ ಮಾತು ಪೂರ್ತಿ ಅನ್ವಯಿಸುತ್ತದೆ. ಕೆಲವು ಕಂಪನಿಗಳು ತಮ್ಮ ಪಾಲನ್ನು ಗಳಿಕೆಯಲ್ಲಿ ತೋರಿಸಿ, ಮತ್ತೆ ಕಡಿತದಲ್ಲಿಯೂ ತೋರಿಸುತ್ತವೆ. ಅಲ್ಲಿ ಎರಡು ಸಲ ಕಂಡರೂ ಕೈಗೆ ಬರುವ ಹಣ ಬದಲಾಗುವುದಿಲ್ಲ. ಆದ್ದರಿಂದ ಕಡಿತವನ್ನು ಮಾತ್ರ ನೋಡಿ ತೀರ್ಮಾನಿಸದೆ, ಎರಡೂ ಕಡೆಯ ಸಾಲುಗಳನ್ನು ಜೋಡಿಸಿ ನೋಡಬೇಕು.

ಇನ್ನೊಬ್ಬ ಸದಸ್ಯೆ

ಬಾಡಿಗೆ ರಸೀದಿಗಳನ್ನು ಈಗಲೇ ಕೊಟ್ಟರೆ ತೆರಿಗೆ ಕಡಿತ ನಿಲ್ಲುತ್ತದೆ, ನಾನು ಹಾಗೆಯೇ ಮಾಡಿದ್ದೆ.

ಲೆಕ್ಕಿಗರು

ಮೇಡಂ, ಇವರ ಚೀಟಿಯಲ್ಲಿ ಆದಾಯ ತೆರಿಗೆಯೇ ಇಲ್ಲ. ವರ್ಷದ ಗ್ರಾಸ್ 4,32,000 ಮಾತ್ರ, ಹೊಸ ಪದ್ಧತಿಯಲ್ಲಿ ಅದರಿಂದ 75,000 ಪ್ರಮಾಣಿತ ಕಡಿತವೂ ಸಿಗುತ್ತದೆ. ಬಾಡಿಗೆ ರಸೀದಿಯಿಂದ ಲಾಭವಾಗುವುದು ಹಳೆಯ ಪದ್ಧತಿಯನ್ನು ಆರಿಸಿಕೊಂಡವರಿಗೆ.

ಭದ್ರತಾ ವಿಭಾಗದಲ್ಲಿ ಕೆಲಸ ಮಾಡುವ ಸದಸ್ಯರು

ನನ್ನ ಗ್ರಾಸ್ 19,000. ನನಗೆ ಪಿಎಫ್ ಜೊತೆ ಇಎಸ್‌ಐ ಎಂದು 143 ರೂಪಾಯಿ ಹಿಡಿಯುತ್ತಾರೆ. ಈ ಮೇಡಂಗೆ ಏಕೆ ಹಿಡಿದಿಲ್ಲ? ಅಥವಾ ನನಗೆ ತಪ್ಪಾಗಿ ಹಿಡಿಯುತ್ತಿದ್ದಾರೆಯೇ?

ಲೆಕ್ಕಿಗರು

ನಿಮ್ಮದು ಸರಿಯಾಗಿಯೇ ಇದೆ. ತಿಂಗಳ ವೇತನ 21,000ದವರೆಗೆ ಇರುವವರು ನೌಕರರ ರಾಜ್ಯ ವಿಮೆಯಾದ ಇಎಸ್‌ಐ ವ್ಯಾಪ್ತಿಗೆ ಬರುತ್ತಾರೆ, ನೌಕರರ ಪಾಲು ಶೇಕಡಾ 0.75. ನಿಮ್ಮ 19,000ಕ್ಕೆ 142 ರೂಪಾಯಿ 50 ಪೈಸೆಯಾಗುತ್ತದೆ, ಅದನ್ನು ಮುಂದಿನ ರೂಪಾಯಿಗೆ ಏರಿಸಿದ್ದಾರೆ. ಕಂಪನಿ ಶೇಕಡಾ 3.25 ಸೇರಿಸುತ್ತದೆ. ಅದರಿಂದ ನಿಮಗೂ ಮನೆಯವರಿಗೂ ಚಿಕಿತ್ಸೆಯ ಹಕ್ಕು ಬರುತ್ತದೆ, ಇಎಸ್‌ಐ ಕಾರ್ಡು ಇನ್ನೂ ಕೊಟ್ಟಿರದಿದ್ದರೆ ದಯವಿಟ್ಟು ಕೇಳಿ ಪಡೆಯಿರಿ. ಪ್ರಶ್ನೆ ಕೇಳಿದವರ ವೇತನ ಆ ಮಿತಿಗಿಂತ ಹೆಚ್ಚು.

ಪ್ರಶ್ನೆ ಕೇಳಿದವರು

ಬಹಳ ಧನ್ಯವಾದ ಸರ್. ಇನ್ನೆರಡು ಸಂಶಯಗಳಿವೆ. ಗ್ರಾಚ್ಯುಟಿಯ 962 ನನಗೆ ಯಾವಾಗ ಸಿಗುತ್ತದೆ? ಮತ್ತು ಕಂಪನಿ ನಿಜವಾಗಿ ಪಿಎಫ್ ಕಟ್ಟಿದೆಯೋ ಇಲ್ಲವೋ ನನಗೆ ಹೇಗೆ ತಿಳಿಯಬೇಕು? ನನ್ನ ಸಹೋದ್ಯೋಗಿಯೊಬ್ಬರಿಗೆ 1,800 ಮಾತ್ರ ಹಿಡಿಯುತ್ತಾರಂತೆ, ಅದೂ ಅರ್ಥವಾಗಲಿಲ್ಲ.

ಲೆಕ್ಕಿಗರು

ಗ್ರಾಚ್ಯುಟಿ ಎಂದರೆ ಒಂದು ವರ್ಷದ ಸೇವೆಗೆ ಹದಿನೈದು ದಿನದ ವೇತನ, ಅದೂ ತಿಂಗಳಿಗೆ ಇಪ್ಪತ್ತಾರು ದಿನವೆಂದು ಎಣಿಸಿ. ನಿಮ್ಮ 20,000ವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಹನ್ನೆರಡು ತಿಂಗಳಿಗೆ ಹಂಚಿದರೆ ಸುಮಾರು 962 ಬರುತ್ತದೆ. ಕಾಯಂ ನೌಕರರು ಸಾಮಾನ್ಯವಾಗಿ ಐದು ವರ್ಷ ಪೂರೈಸಿದರೆ ಮಾತ್ರ ಅದು ಕೈಸೇರುತ್ತದೆ. ಮೂರನೆಯ ವರ್ಷದಲ್ಲಿ ಬೇರೆ ಕೆಲಸಕ್ಕೆ ಹೋದರೆ ಸಿಟಿಸಿಯಲ್ಲಿ ತೋರಿಸಿದ್ದ ಆ ಹಣ ನಿಮಗೆ ಬರುವುದಿಲ್ಲ. ಎರಡು ಕೆಲಸಗಳ ಸಿಟಿಸಿಯನ್ನು ಹೋಲಿಸುವಾಗ ಈ ಸಾಲನ್ನು ತೆಗೆದುಹಾಕಿಯೇ ಹೋಲಿಸಿ.

ಸಹೋದ್ಯೋಗಿಯ 1,800ಕ್ಕೆ ಕಾರಣ 15,000 ರೂಪಾಯಿಯ ವೇತನ ಮಿತಿ. ಅದರ ಶೇಕಡಾ 12ನ್ನು ಮಾತ್ರ ಹಿಡಿಯಲು ನಿಯಮದಲ್ಲಿ ಅವಕಾಶವಿದೆ, ಕೆಲವು ಕಂಪನಿಗಳು ಸೇರುವಾಗಲೇ ಯಾವುದು ಬೇಕೆಂದು ಕೇಳುತ್ತವೆ. ಕೈಗೆ ಬರುವ ಸಂಬಳ 600 ರೂಪಾಯಿ ಹೆಚ್ಚುತ್ತದೆ, ಖಾತೆಗೆ ಹೋಗುವ ನಿಮ್ಮ ಪಾಲು ಅಷ್ಟೇ ಕಡಿಮೆಯಾಗುತ್ತದೆ. ಕಂಪನಿ ತನ್ನ ಪಾಲನ್ನೂ 1,800ಕ್ಕೆ ಇಳಿಸಿದರೆ ಆ 600 ಸಂಬಳಕ್ಕೆ ಸೇರುತ್ತದೆಯೇ ಎಂದು ಕೇಳದೆ ಸಹಿ ಮಾಡಬೇಡಿ.

ಕಟ್ಟಿದ್ದಾರೋ ಇಲ್ಲವೋ ಎಂಬುದನ್ನು ಚೀಟಿ ಹೇಳಲಾರದು, ಪಾಸ್‌ಬುಕ್ ಹೇಳುತ್ತದೆ. ಚೀಟಿಯ ಮೇಲ್ಭಾಗದಲ್ಲಿ ಯುಎಎನ್ ಎಂಬ ಹನ್ನೆರಡು ಅಂಕಿಯ ನಿಮ್ಮ ಪಿಎಫ್ ಸದಸ್ಯತ್ವದ ಸಂಖ್ಯೆ ಇರಬೇಕು. ಜೂನ್ ತಿಂಗಳ ಹಣವನ್ನು ಜುಲೈ 15ರೊಳಗೆ ಕಟ್ಟಬೇಕು. ಅದಾದ ಮೇಲೆ ಕೆಲವು ದಿನ ಬಿಟ್ಟು ಪಿಎಫ್ ಜಾಲತಾಣದಲ್ಲಿ ಅಥವಾ ಉಮಂಗ್ ಆ್ಯಪ್‌ನಲ್ಲಿ ಪಾಸ್‌ಬುಕ್ ತೆರೆದರೆ ನಿಮ್ಮ ಪಾಲು, ಕಂಪನಿಯ ಪಾಲು, ಪಿಂಚಣಿಯ ಪಾಲು ಎಂಬ ಮೂರು ಕಾಲಂಗಳು ಕಾಣುತ್ತವೆ. ನಿಮ್ಮ ವಿಷಯದಲ್ಲಿ 1,440, 1,440, ಸೊನ್ನೆ ಎಂದಿರಬೇಕು. 2014ರ ಸೆಪ್ಟೆಂಬರ್ 1ರ ನಂತರ ಮೊದಲ ಬಾರಿಗೆ ಸೇರಿದವರ ಪಿಎಫ್ ವೇತನ 15,000ಕ್ಕಿಂತ ಹೆಚ್ಚಿದ್ದರೆ ಅವರು ಪಿಂಚಣಿ ಯೋಜನೆಗೆ ಸೇರುವುದಿಲ್ಲ, ಕಂಪನಿಯ ಪಾಲು ಪೂರ್ತಿಯಾಗಿ ಭವಿಷ್ಯ ನಿಧಿಗೇ ಹೋಗುತ್ತದೆ.

ಪ್ರಶ್ನೆ ಕೇಳಿದವರು (ಜುಲೈ ಕೊನೆಯಲ್ಲಿ)

ಪಾಸ್‌ಬುಕ್ ನೋಡಿದೆ ಸರ್. ನನ್ನ ಪಾಲು 1,440, ಕಂಪನಿಯ ಪಾಲು 440, ಪಿಂಚಣಿ 1,000 ಎಂದಿದೆ. ಎಚ್‌ಆರ್ ಅವರನ್ನು ಕೇಳಿದರೆ, ಜೂನ್‌ನಲ್ಲಿ ನನ್ನ ಬೇಸಿಕ್ 12,000 ಇದ್ದದ್ದರಿಂದ ತಂತ್ರಾಂಶವೇ ಹಾಗೆ ಹಂಚಿದೆ ಎಂದರು.

ಲೆಕ್ಕಿಗರು

ಹಣ ಕಾಣೆಯಾಗಿಲ್ಲ, 12,000ಕ್ಕೆ ಶೇಕಡಾ 8.33ರಂತೆ ಪಿಂಚಣಿಗೆ ತಿರುಗಿದೆ. ಆದರೆ ನನ್ನ ತಿಳಿವಳಿಕೆಯಲ್ಲಿ ನೋಡಬೇಕಾದದ್ದು ಒಪ್ಪಿಕೊಂಡ ತಿಂಗಳ ವೇತನವಾದ 20,000ವನ್ನು, ಅರ್ಧ ತಿಂಗಳ ಗಳಿಕೆಯನ್ನಲ್ಲ. ಹೀಗೆ ಬಿಟ್ಟರೆ ಪ್ರತಿ ತಿಂಗಳೂ 1,250 ರೂಪಾಯಿ ಪಿಂಚಣಿಗೆ ಹೋಗುತ್ತಲೇ ಇರುತ್ತದೆ, ಮುಂದೆ ಪಿಎಫ್ ವರ್ಗಾಯಿಸುವಾಗಲೋ ಹಿಂಪಡೆಯುವಾಗಲೋ ತಕರಾರು ಏಳುತ್ತದೆ. ಇಂದೇ ಇಮೇಲ್‌ನಲ್ಲಿ ಬರೆದು, ನೇಮಕಾತಿ ಪತ್ರದ ಪ್ರತಿಯನ್ನೂ ಪಾಸ್‌ಬುಕ್ ಪುಟವನ್ನೂ ಲಗತ್ತಿಸಿ ಸರಿಪಡಿಸಲು ಕೋರಿ.

ಪಿಎಫ್ ಸಲಹೆಗಾರರೊಬ್ಬರು

ನಾನು ಇಷ್ಟು ಖಚಿತವಾಗಿ ಹೇಳಲಾರೆ. ಮೊದಲ ತಿಂಗಳು ಕಟ್ಟಿದ ವೇತನವೇ 15,000ಕ್ಕಿಂತ ಕಡಿಮೆ ಇದ್ದಾಗ ಪಿಂಚಣಿ ಸದಸ್ಯತ್ವ ಬರುತ್ತದೆಂದು ವಾದಿಸುವ ಕಂಪನಿಗಳನ್ನು ಕಂಡಿದ್ದೇನೆ. ಪಿಂಚಣಿ ಬೇಕೆನ್ನುವವರಿಗೆ ಅದು ನಷ್ಟವೂ ಅಲ್ಲ.

ಲೆಕ್ಕಿಗರು

ಆ ವಾದವನ್ನು ನಾನೂ ಕೇಳಿದ್ದೇನೆ ಸರ್, ಒಪ್ಪಲು ಮನಸ್ಸು ಬರುವುದಿಲ್ಲ. ಎಚ್‌ಆರ್ ಒಪ್ಪದಿದ್ದರೆ ಮೇಡಂ ಅವರು ಪಿಎಫ್ ಕುಂದುಕೊರತೆ ಜಾಲತಾಣದಲ್ಲಿ ಲಿಖಿತ ಉತ್ತರ ಕೇಳಲಿ. ಜುಲೈ ತಿಂಗಳ ಹಣ ಕಟ್ಟಲು ಆಗಸ್ಟ್ 15ರವರೆಗೆ ಸಮಯವಿದೆ, ಅಷ್ಟರೊಳಗೆ ಇಮೇಲ್ ಹೋಗಿರಲಿ.